ಒಂಬತ್ತನೇ ತರಗತಿಯ ಹುಡುಗನಿಗೆ ಎಂಟುನೂರು ರೂಪಾಯಿಯೊಳಗಿನ ಕಪ್ಪು ಶಾಲಾ ಶೂ

“ಮಗ ಒಂಬತ್ತನೇ ತರಗತಿ. ಶಾಲೆಗೆ ಹೋಗಿ ಬರುವುದು ಸೇರಿ ದಿನಕ್ಕೆ ನಾಲ್ಕು ಕಿಲೋಮೀಟರ್ ನಡೆಯುತ್ತಾನೆ. ಬೆಳೆಯುವ ವಯಸ್ಸೆಂದು ಎರಡು ನಂಬರ್ ದೊಡ್ಡ ಶೂ ಕೊಡಿಸಿದರೂ ನಾಲ್ಕು ತಿಂಗಳಿಗೆ ಮುಂದಿನ ತುದಿ ತರಚಿ ಬಟ್ಟೆ ಕಾಣುತ್ತದೆ. ಕಾಲು ನೋವು ಎಂದೂ ಹೇಳುತ್ತಾನೆ. 800 ರೂಪಾಯಿಯೊಳಗೆ ಯಾವುದನ್ನು ತೆಗೆದುಕೊಳ್ಳಲಿ?”

ನಾನು ಹಲವು ವರ್ಷಗಳಿಂದ ದಾವಣಗೆರೆಯ ಒಂದು ಪಾದರಕ್ಷೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಮಗನ ಎರಡು ತೊಂದರೆಗಳಿಗೂ ಆ ಎರಡು ನಂಬರ್ ಹೆಚ್ಚಳವೇ ಮುಖ್ಯ ಕಾರಣವಾಗಿರಬಹುದು ಎಂದು ನನಗೆ ಅನಿಸುತ್ತದೆ. ಶೂ ಒಂದು ನಂಬರ್ ಏರಿದರೆ ಉದ್ದ ಸುಮಾರು ಎಂಟೂವರೆ ಮಿಲಿಮೀಟರ್ ಹೆಚ್ಚುತ್ತದೆ. ಸರಿಯಾದ ಅಳತೆಯಲ್ಲೇ ಬೆರಳ ಮುಂದೆ ಒಂದು ಸೆಂಟಿಮೀಟರ್‌ನಷ್ಟು ಜಾಗ ಇರುತ್ತದೆ. ಅದರ ಮೇಲೆ ಎರಡು ನಂಬರ್ ಸೇರಿಸಿದರೆ ಹತ್ತಿರ ಹತ್ತಿರ ಎರಡು ಮುಕ್ಕಾಲು ಸೆಂಟಿಮೀಟರ್ ಖಾಲಿ ಉಳಿಯುತ್ತದೆ. ಆಗ ಪಾದ ಮಡಿಯುವ ಜಾಗವೂ ಶೂ ಮಡಿಯುವ ಜಾಗವೂ ಒಂದೇ ಆಗಿರುವುದಿಲ್ಲ. ಹೆಜ್ಜೆ ಎತ್ತುವಾಗ ಖಾಲಿ ತುದಿ ರಸ್ತೆಗೆ ಉಜ್ಜುತ್ತದೆ, ಹಿಮ್ಮಡಿ ಒಳಗೆ ಜಾರುತ್ತದೆ, ಶೂ ಕಳಚದಂತೆ ಹುಡುಗ ಬೆರಳುಗಳನ್ನು ಬಿಗಿಹಿಡಿದು ನಡೆಯುತ್ತಾನೆ.

ಅಂಗಡಿಗೆ ಹೋಗುವ ಮೊದಲು ಹಳೆಯ ಜೋಡಿಯನ್ನು ಬೆಳಕಿನಲ್ಲಿಟ್ಟು ನೋಡಿ. ತುದಿಯ ಮೂತಿ ಎರಡೂ ಶೂಗಳಲ್ಲಿ ಒಂದೇ ರೀತಿ ಸವೆದಿದ್ದರೆ ಅದು ಉದ್ದದ ದೋಷ. ಒಂದೇ ಶೂ ವಿಪರೀತ ಸವೆದಿದ್ದರೆ ಅವನು ಸೈಕಲ್ ನಿಲ್ಲಿಸಲು ಆ ಕಾಲನ್ನು ಎಳೆಯುತ್ತಾನೋ, ಅದರಲ್ಲೇ ಚೆಂಡು ಒದೆಯುತ್ತಾನೋ ಕೇಳಿ. ಕಿರುಬೆರಳ ಪಕ್ಕದಲ್ಲಿ ಉಬ್ಬಿ ಬಿರಿದಿದ್ದರೆ ಅಗಲ ಸಾಲದು. ತುದಿ ಚೆನ್ನಾಗಿದ್ದು, ಬೆರಳ ಬುಡದ ಮಡಿಕೆಯಲ್ಲಿ ಮಾತ್ರ ಸಿಪ್ಪೆ ಎದ್ದಿದ್ದರೆ ಮೇಲ್ಪದರವೇ ಕಳಪೆ.

ಅಳತೆಯನ್ನು ಸಂಜೆ, ಶಾಲೆಯ ಸಾಕ್ಸ್ ಹಾಕಿಸಿ ತೆಗೆಯಿರಿ. ಮಗನನ್ನು ಹಾಳೆಯ ಮೇಲೆ ಪೂರ್ಣ ಭಾರ ಹಾಕಿ ನಿಲ್ಲಿಸಿ, ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನವರೆಗೆ ಗುರುತು ಮಾಡಿ; ಎರಡು ಪಾದಗಳಲ್ಲಿ ದೊಡ್ಡದರ ಅಳತೆಯೇ ಲೆಕ್ಕ. ಪಾದ 24.4 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಅಂಗಡಿಯಲ್ಲಿ ಶೂನ ಒಳಹಾಸನ್ನು ಹೊರಗೆಳೆದು ಅಳೆದಾಗ ಅದು 25.4ರಿಂದ 25.8ರೊಳಗೆ ಬಂದರೆ ಸಾಕು. ಬೆಳವಣಿಗೆಗೆಂದು ಅದಕ್ಕಿಂತ ಹೆಚ್ಚು ಬಿಡಬೇಡಿ. ಕಂಪನಿಯಿಂದ ಕಂಪನಿಗೆ ನಂಬರ್ ಬದಲಾಗುವುದರಿಂದ ಪೆಟ್ಟಿಗೆಯ ಮೇಲಿನ ಅಂಕಿಗಿಂತ ಈ ಅಳತೆಯನ್ನೇ ನಂಬಿ.

ನಿಮ್ಮ ಬಜೆಟ್ಟಿನಲ್ಲಿ ಅಸಲಿ ಚರ್ಮ ಸಿಗುವುದು ಕಷ್ಟ. ಸಿಗುವುದು ಹೆಚ್ಚಾಗಿ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪ ಹಚ್ಚಿದ, ನಾವು ರೆಕ್ಸಿನ್ ಎಂದು ಕರೆಯುವ ವಸ್ತು. ಚರ್ಮ ತರಚಿದರೆ ಪಾಲಿಶ್ ಒಳಗಿಳಿದು ಗುರುತನ್ನು ಬಹುಮಟ್ಟಿಗೆ ಮುಚ್ಚುತ್ತದೆ. ರೆಕ್ಸಿನ್ನಿನ ಲೇಪ ಒಮ್ಮೆ ಹೋಯಿತೆಂದರೆ ಕೆಳಗಿನ ಬಟ್ಟೆಗೆ ಬಣ್ಣ ಬಳಿಯಬಹುದೇ ಹೊರತು ಲೇಪವನ್ನು ಮರಳಿ ತರಲಾಗದು. ಆದ್ದರಿಂದ ಮೂತಿಯನ್ನು ಮುಟ್ಟಿ ನೋಡಿ ಆರಿಸಿ. ಸೋಲ್‌ನ ರಬ್ಬರ್ ಅಂಚು ತುದಿಯಲ್ಲಿ ಅರ್ಧ ಇಂಚಿನಷ್ಟಾದರೂ ಮೇಲೇರಿ ಬಂದಿರುವ ಜೋಡಿಯಲ್ಲಿ ಏಟು ಮೊದಲು ರಬ್ಬರಿಗೆ ಬೀಳುತ್ತದೆ. ಇಷ್ಟು ಹಣಕ್ಕೆ ಇದಕ್ಕಿಂತ ಒಳ್ಳೆಯ ರಕ್ಷಣೆಯನ್ನು ನಾನು ಕಂಡಿಲ್ಲ. ಬೆರಳ ಬುಡದಲ್ಲಿ ಶೂವನ್ನು ನಾಲ್ಕಾರು ಸಲ ಮಡಿಸಿ. ಮಡಿಕೆಯಲ್ಲಿ ಬಿಳಿ ಗೆರೆಗಳು ಉಳಿದರೆ ಅದನ್ನು ಬಿಟ್ಟುಬಿಡಿ. ಮಡಿಸುವಾಗ ಶೂ ನಟ್ಟನಡುವೆ ಬಾಗಿದರೂ ಬೇಡ, ಏಕೆಂದರೆ ಅಂಥದ್ದು ದೂರ ನಡೆಯುವ ಪಾದಕ್ಕೆ ಆಧಾರ ಕೊಡುವುದಿಲ್ಲ.

ಸೋಲ್ ವಿಷಯದಲ್ಲಿ, ಅಗ್ಗದ ಪಿವಿಸಿ ಬೇಗ ಸವೆಯುವುದಿಲ್ಲ, ಆದರೆ ಭಾರ. ಒದ್ದೆ ನೆಲದಲ್ಲಿ ಜಾರುತ್ತದೆ. ಪಿಯು ಎಂಬ ನೊರೆಯಂಥ ಪ್ಲಾಸ್ಟಿಕ್ ಹಗುರ, ನಾಲ್ಕು ಕಿಲೋಮೀಟರ್ ನಡೆಯುವವನಿಗೆ ಹಿತ. ಅದರೊಂದು ದೋಷವೆಂದರೆ, ಗಾಳಿಯ ತೇವದಿಂದ ಅದು ಒಳಗೊಳಗೇ ಹಾಳಾಗುತ್ತಾ ಬಂದು, ವರ್ಷಗಟ್ಟಲೆ ಗೋದಾಮಿನಲ್ಲಿ ಕೂತ ಜೋಡಿ ಹಾಕಿದ ಕೆಲವೇ ದಿನಗಳಲ್ಲಿ ಪುಡಿಪುಡಿಯಾಗಿ ಉದುರಬಹುದು. ಪೆಟ್ಟಿಗೆಯ ಮೇಲೆ ತಯಾರಾದ ತಿಂಗಳು, ವರ್ಷ ಮುದ್ರಿಸಿರುತ್ತಾರೆ. ರಿಯಾಯಿತಿ ಮಾಲಿನಲ್ಲಂತೂ ಅದನ್ನು ತಪ್ಪದೆ ಓದಿ. ಶಾಲೆಯವರ ಅಭ್ಯಂತರವಿಲ್ಲದಿದ್ದರೆ ಲೇಸಿನದನ್ನೇ ತೆಗೆದುಕೊಳ್ಳಿ. ವೆಲ್ಕ್ರೋ ಪಟ್ಟಿಯಲ್ಲಿ ಧೂಳು, ದಾರ ಸಿಕ್ಕಿ ಹಿಡಿತ ಸಡಿಲವಾಗುತ್ತದೆ, ಲೇಸಾದರೆ ಹತ್ತಿಪ್ಪತ್ತು ರೂಪಾಯಿಗೆ ಹೊಸದು ಬರುತ್ತದೆ.

ಇಡೀ 800 ರೂಪಾಯಿಯನ್ನು ಶೂಗೇ ಸುರಿಯಬೇಡಿ. 600–650ರ ಜೋಡಿ ಕೊಂಡು, ಸೋಲ್‌ನ ಅಂಚು ಬಟ್ಟಲಿನಂತೆ ಸುತ್ತಲೂ ಎದ್ದಿದ್ದರೆ, ಹೊಸದಿರುವಾಗಲೇ ಶೂ ರಿಪೇರಿ ಮಾಡುವವರಲ್ಲಿ ಸುತ್ತ ಹೊಲಿಗೆ ಹಾಕಿಸಿ. ಅಂಟು ಬಿಟ್ಟ ಮೇಲೆ ಹೊಲಿಸಿದರೆ ಒಳಗೆ ಸೇರಿದ ಮಣ್ಣಿನಿಂದ ಅದು ಸರಿಯಾಗಿ ಕೂಡುವುದಿಲ್ಲ. ಮಿಕ್ಕ ಹಣವನ್ನು ಇನ್ನೊಂದು ಜೊತೆ ಹತ್ತಿ ಸಾಕ್ಸ್‌ಗೆ ಇಡಿ. ಮಳೆಯಲ್ಲಿ ನೆನೆದ ದಿನ ಒಳಹಾಸು ತೆಗೆದು, ಹಳೆಯ ಪತ್ರಿಕೆಯ ಹಾಳೆ ತುರುಕಿ, ಒಂದೆರಡು ಗಂಟೆಗೊಮ್ಮೆ ಹಾಳೆ ಬದಲಿಸಿ ಫ್ಯಾನಿನ ಕೆಳಗಿಡಿ. ಒಲೆಯ ಪಕ್ಕದಲ್ಲಿಟ್ಟರೆ ಅಂಟೂ ಲೇಪವೂ ಎರಡೂ ಬಿಡುತ್ತವೆ.