ಲೋಕಾಯುಕ್ತಕ್ಕೆ ಬರೆದ್ರೆ ತಹಶೀಲ್ದಾರ್ರಿಗೆ ಆರ್ಡರ್ ಆಗುತ್ತಾ?

ಪ್ರಶ್ನೆ: ಸರ್ ನಮಸ್ಕಾರ, ನಾವು ಕುಮಟಾ ತಾಲೂಕಿನವ್ರು. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ನಾಡಕಚೇರಿಲಿ ಅರ್ಜಿ ಕೊಟ್ಟು ಹದಿನಾಲ್ಕು ತಿಂಗಳಾಯ್ತು. ಯಾರೂ ದುಡ್ಡು ಕೇಳ್ಲಿಲ್ಲ, ಆದ್ರೆ ಕೆಲಸಾನೂ ಆಗ್ಲಿಲ್ಲ, ಹೋದಾಗೆಲ್ಲ "ಮುಂದಿನ ವಾರ ಬನ್ನಿ" ಅಂತಾರೆ. ತೋಟ ಅಪ್ಪನ ಹೆಸರಲ್ಲೇ ಇರೋದ್ರಿಂದ ಸೊಸೈಟಿಲಿ ಬೆಳೆ ಸಾಲ ಸಿಗ್ತಾ ಇಲ್ಲ. ಲಂಚದ ವಿಷಯ ಇಲ್ಲದ ದೂರು ಲೋಕಾಯುಕ್ತದವ್ರು ತಗೊಳ್ತಾರಾ? ತಹಶೀಲ್ದಾರ್ರಿಗೆ ಆರ್ಡರ್ ಮಾಡ್ತಾರಾ? ಅವ್ರಿಗೆ ಪವರೇ ಇಲ್ಲ ಅಂತ ಊರಲ್ಲಿ ಹೇಳ್ತಾರೆ, ನಿಜನಾ?

ಉತ್ತರ: ತಗೊಳ್ತಾರೆ. ಆದ್ರೆ ಆರ್ಡರ್ ಮಾಡೋದಿಲ್ಲ, ಶಿಫಾರಸು ಮಾಡ್ತಾರೆ. ಈ ಎರಡರ ನಡುವಿನ ವ್ಯತ್ಯಾಸ ತಿಳ್ಕೊಂಡು ದೂರು ಬರೆದ್ರೆ ನಿಮ್ಮ ಕೆಲಸ ಆಗೋ ಚಾನ್ಸ್ ಜಾಸ್ತಿ.

ಲೋಕಾಯುಕ್ತ ಅಂದ್ರೆ ನಮ್ಮ ಜನಕ್ಕೆ ಮೊದ್ಲು ನೆನಪಾಗೋದು ಟೀವಿಲಿ ಬರೋ ರೈಡು, ಟ್ರ್ಯಾಪು. ಅದು ಲೋಕಾಯುಕ್ತ ಪೊಲೀಸರ ಕೆಲಸ, ಭ್ರಷ್ಟಾಚಾರ ತಡೆ ಕಾಯ್ದೆ ಪ್ರಕಾರ ನಡೆಯೋದು. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಲಿ ಇನ್ನೊಂದು ದಾರಿನೂ ಇದೆ, ಅದನ್ನ ಬಳಸೋರು ಕಮ್ಮಿ. ಕಾಯ್ದೆ ದೂರನ್ನ ಎರಡು ಥರ ಮಾಡುತ್ತೆ, ಆರೋಪ ಒಂದು, ಕುಂದುಕೊರತೆ ಇನ್ನೊಂದು. ಅಧಿಕಾರಿ ದುಡ್ಡು ತಿಂದ, ಹುದ್ದೆ ದುರುಪಯೋಗ ಮಾಡ್ದ ಅಂದ್ರೆ ಆರೋಪ. ದುರಾಡಳಿತದಿಂದ ನನಗೆ ಅನ್ಯಾಯ ಆಯ್ತು, ಪಡಬಾರದ ಕಷ್ಟ ಆಯ್ತು ಅಂದ್ರೆ ಕುಂದುಕೊರತೆ. ದುರಾಡಳಿತ ಅಂದ್ರೇನು ಅನ್ನೋದನ್ನೂ ಕಾಯ್ದೆನೇ ಹೇಳಿದೆ: ನ್ಯಾಯವಲ್ಲದ, ತಾರತಮ್ಯದ ಆಡಳಿತ ಕ್ರಮ, ಬೇಕಂತಲೇ ಮಾಡಿದ ನಿರ್ಲಕ್ಷ್ಯ, ಅತಿಯಾದ ವಿಳಂಬ. ನಿಮ್ಮದು ಈ ಕೊನೆಯದು. ಅಧಿಕಾರಿ ಕೆಟ್ಟವ ಅಂತ ನೀವು ಸಾಬೀತು ಮಾಡ್ಬೇಕಿಲ್ಲ, ಕೆಲಸ ಇಷ್ಟು ದಿನ ಕಾರಣ ಇಲ್ದೆ ನಿಂತಿದೆ ಅಂತ ತೋರಿಸಿದ್ರೆ ಸಾಕು.

ಹಾಗಂತ ಸಿಟ್ಟಲ್ಲಿ "ದುಡ್ಡು ಕೊಡ್ಲಿಲ್ಲ ಅಂತಲೇ ತಡೆದಿದ್ದಾರೆ" ಅಂತ ಒಂದು ಸಾಲು ಸೇರಿಸ್ಬೇಡಿ ದಯವಿಟ್ಟು. ನೀವೇ ಬರೆದಿದ್ದೀರಿ ಯಾರೂ ಕೇಳ್ಲಿಲ್ಲ ಅಂತ. ಆ ಒಂದು ಸಾಲಿಂದ ದೂರು ಆರೋಪದ ಕಡೆ ಹೋಗುತ್ತೆ, ಸಾಕ್ಷಿ ಕೇಳ್ತಾರೆ, ನಿಮ್ಮ ಖಾತೆ ವಿಷಯ ಹಿಂದೆ ಬೀಳುತ್ತೆ, ಮೇಲಿಂದ ಬೇಕಂತಲೇ ಸುಳ್ಳು ದೂರು ಕೊಟ್ರೆ ಜೈಲು ಶಿಕ್ಷೆನೂ ಇದೆ ಕಾಯ್ದೆಲಿ.

ಈಗ ನಿಮ್ಮ ಕೇಸು ಎಲ್ಲೆಲ್ಲಿ ಎಡವಬಹುದು ನೋಡೋಣ. ಮೊದಲನೇದು ಎಂಟನೇ ಕಲಂ. ಮೇಲ್ಮನವಿ, ಪುನರ್ ಪರಿಶೀಲನೆ ಅಂತ ಬೇರೆ ದಾರಿ ಇದ್ದು ನೀವು ಅದನ್ನ ಬಳಸದೇ ಬಂದ್ರೆ ಕುಂದುಕೊರತೆ ತನಿಖೆ ಮಾಡೋ ಹಾಗಿಲ್ಲ. ತಹಶೀಲ್ದಾರ್ರು ನಿಮ್ಮ ಅರ್ಜಿನ ರಿಜೆಕ್ಟ್ ಮಾಡಿ ಆದೇಶ ಕೊಟ್ಟಿದ್ರೆ, ಭೂ ಕಂದಾಯ ಕಾಯ್ದೆ 136ನೇ ಕಲಂ ಪ್ರಕಾರ ಕುಮಟಾ ಎಸಿ ಹತ್ರ ಅಪೀಲು ಹೋಗ್ಬೇಕಿತ್ತು, ಅದರ ಮೇಲೆ ಡೀಸಿ. ಆಗ ಲೋಕಾಯುಕ್ತಕ್ಕೆ ಬರೆದಿದ್ರೆ ವಾಪಸ್ ಬರ್ತಿತ್ತು. ಆದ್ರೆ ನಿಮ್ಮ ಕೇಸಲ್ಲಿ ಆದೇಶವೇ ಇಲ್ವಲ್ಲ, ಹೌದು ಅಂತಾನೂ ಹೇಳಿಲ್ಲ ಇಲ್ಲ ಅಂತಾನೂ ಹೇಳಿಲ್ಲ, ಯಾವುದರ ಮೇಲೆ ಅಪೀಲು ಹೋಗ್ತೀರಿ? ಇಂಥ ಜಾಗಕ್ಕೇ ಈ ಸಂಸ್ಥೆ ಇರೋದು. ಕಾಯ್ದೆ ಪ್ರಕಾರ ಬೇಕಂತ ಏನೂ ಮಾಡದೇ ಕೂರೋದೂ ಒಂದು ಕ್ರಮವೇ.

ಆದ್ರೂ ಒಂದು ಸಂದು ಉಳಿಯುತ್ತೆ, ಸಕಾಲ. ಅರ್ಜಿ ಕೊಟ್ಟಾಗ ಸಿಕ್ಕ ಸ್ವೀಕೃತಿಲಿ ಜಿಎಸ್‌ಸಿ ನಂಬರು, ಕೊನೆ ದಿನಾಂಕ ಇದ್ರೆ ಸಕಾಲದಲ್ಲೂ ಮೇಲ್ಮನವಿ ಹಾಕ್ಬಹುದು, ತಡ ಆದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ರೂಪಾಯಿ ಪರಿಹಾರ ಕೇಳ್ಬಹುದು. ದುಡ್ಡು ಚಿಲ್ಲರೆ. ಆದ್ರೆ ಅದನ್ನ ಹಾಕಿಬಿಟ್ರೆ ಮುಂದೆ "ಬೇರೆ ದಾರಿ ಇತ್ತಲ್ಲ" ಅನ್ನೋ ಮಾತಿಗೆ ಜಾಗ ಇರೋದಿಲ್ಲ, ಅದಕ್ಕೇ ಹಾಕಿ ಅಂತೀನಿ.

ಎರಡನೇದು ಕಾಲಮಿತಿ. ಕುಂದುಕೊರತೆ ದೂರು ವಿಷಯ ಗೊತ್ತಾದ ಆರು ತಿಂಗಳೊಳಗೆ ಕೊಡ್ಬೇಕು, ಆರೋಪಕ್ಕಾದ್ರೆ ಐದು ವರ್ಷ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ವಿಳಂಬದ ದೂರಲ್ಲಿ ಈ ಆರು ತಿಂಗಳು ಎಲ್ಲಿಂದ ಶುರು ಅನ್ನೋದೇ ತಕರಾರು, ಕೆಲಸ ಇವತ್ತಿಗೂ ನಿಂತೇ ಇದೆ ಅಂತ ನೀವು ಹೇಳ್ತೀರಿ, ಹದಿನಾಲ್ಕು ತಿಂಗಳ ಹಿಂದಿನ ಅರ್ಜಿ ಅಂತ ಅವ್ರು ಹೇಳ್ತಾರೆ. ಹಾಗಾಗಿ ಈ ವಾರವೇ ತಹಶೀಲ್ದಾರ್ ಕಚೇರಿಗೆ ಒಂದು ಲಿಖಿತ ಜ್ಞಾಪನ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ದಿನಾಂಕ ಹಾಕಿಸ್ಕೊಳ್ಳಿ. ಬಾಯಲ್ಲಿ ಎಷ್ಟು ಸಲ ಹೋಗಿ ಕೇಳಿದ್ರೂ ಕಾಗದದಲ್ಲಿ ಅದು ಇಲ್ಲವೇ ಇಲ್ಲ. ಜೊತೆಗೆ ಮಾಹಿತಿ ಹಕ್ಕಲ್ಲಿ 10 ರೂಪಾಯಿ ಕಟ್ಟಿ, ನನ್ನ ಕಡತ ಯಾವ ದಿನ ಯಾರ ಟೇಬಲ್ಲಿಗೆ ಹೋಯ್ತು, ಈಗ ಯಾರ ಹತ್ರ ಇದೆ ಅಂತ ಕೇಳಿ. ಗ್ರಾಮ ಆಡಳಿತಾಧಿಕಾರಿ ವರದಿನೇ ಕೊಟ್ಟಿಲ್ವಾ, ಕಂದಾಯ ನಿರೀಕ್ಷಕರ ಹತ್ರ ಕೂತಿದೆಯಾ ಅನ್ನೋದು ಆಗ ಗೊತ್ತಾಗುತ್ತೆ, ಯಾರ ಮೇಲೆ ದೂರು ಅನ್ನೋದೂ ಸ್ಪಷ್ಟ ಆಗುತ್ತೆ. ಆರು ತಿಂಗಳು ಮೀರಿದೆ ಅಂತಾದ್ರೂ ಸರಿಯಾದ ಕಾರಣ ಇದ್ರೆ ದೂರು ತಗೊಳ್ಳೋ ಅಧಿಕಾರ ಅವ್ರಿಗಿದೆ, ಆದ್ರೆ ಆ ಕಾರಣ ನೀವೇ ಬರೀಬೇಕು.

ದೂರು ಫಾರಂ 1ರಲ್ಲಿ, ಅಫಿಡವಿಟ್ಟು ಫಾರಂ 2ರಲ್ಲಿ. ಬೆಂಗಳೂರಿನ ಬಹುಮಹಡಿ ಕಟ್ಟಡದ ಕಚೇರಿಗೆ ಕಳಿಸ್ಬಹುದು, ಕಾರವಾರದ ಲೋಕಾಯುಕ್ತ ಕಚೇರಿಯವ್ರು ತಾಲೂಕಿಗೆ ಬಂದು ಅಹವಾಲು ಸ್ವೀಕಾರ ಸಭೆ ಮಾಡಿದಾಗಲೂ ಕೊಡ್ಬಹುದು. ಮಂತ್ರಿ, ಶಾಸಕರ ಮಟ್ಟದವ್ರ ಮೇಲಿನ ದೂರು ಲೋಕಾಯುಕ್ತರು ನೋಡ್ತಾರೆ, ತಹಶೀಲ್ದಾರ್ ಮಟ್ಟದ್ದು ಉಪಲೋಕಾಯುಕ್ತರಿಗೆ ಹೋಗುತ್ತೆ. ಅವ್ರು ಪ್ರಾಥಮಿಕವಾಗಿ ನೋಡಿ ತನಿಖೆಗೆ ತಗೊಂಡ್ರೆ ದೂರಿನ ಪ್ರತಿ ಆ ಅಧಿಕಾರಿಗೂ ಅವ್ರ ಮೇಲಿನ ಸಕ್ಷಮ ಪ್ರಾಧಿಕಾರಕ್ಕೂ ಹೋಗುತ್ತೆ, ವಿವರಣೆ ಕೊಡಿ ಅಂತ.

ನಾನು ಇಷ್ಟು ವರ್ಷ ಕಂದಾಯದ ಕಡತಗಳನ್ನ ನೋಡ್ತಾ ಗಮನಿಸಿದ್ದು ಅಂದ್ರೆ, ಇಂಥ ಸುಮಾರು ಕೆಲಸ ಆಗೋದು ಈ ಕಾಗದ ಬಂದ ಮೇಲೆ, ಅದಕ್ಕೆ ಉತ್ತರ ಹೋಗೋ ಮುಂಚೆ. ಯಾಕಂದ್ರೆ ಉಪಲೋಕಾಯುಕ್ತರಿಗೆ ಸಿವಿಲ್ ಕೋರ್ಟಿನ ಹಾಗೆ ಸಮನ್ಸ್ ಕೊಟ್ಟು ಕರೆಸೋ, ಕಡತ ತರಿಸೋ ಅಧಿಕಾರ ಇದೆ, ಕಡತ ಅಲ್ಲಿ ಬಿಚ್ಚಿದ್ರೆ ಹದಿನಾಲ್ಕು ತಿಂಗಳ ಖಾಲಿ ಜಾಗ ಎಲ್ಲರಿಗೂ ಕಾಣುತ್ತೆ. ಹಾಗಾಗಿ "ಖಾತೆ ಬದಲಾವಣೆ ಮಾಡಿಕೊಡಲಾಗಿದೆ" ಅಂತ ಉತ್ತರ ಹೋಗುತ್ತೆ, ದೂರು ಮುಕ್ತಾಯ ಆಗುತ್ತೆ. ನಿಮಗೆ ಖಾತೆ ಸಿಕ್ತು, ಖುಷಿ. ಆದ್ರೆ ಅಷ್ಟು ದಿನ ಯಾಕೆ ನಿಂತಿತ್ತು, ಅದೇ ಟೇಬಲ್ಲಲ್ಲಿ ಇನ್ನೂ ಎಷ್ಟು ಜನರದ್ದು ಕೂತಿದೆ ಅನ್ನೋ ಪ್ರಶ್ನೆ ಅಲ್ಲೇ ಮುಚ್ಚಿಹೋಗುತ್ತೆ. ನನಗೆ ತುಂಬ ಬೇಜಾರಾಗೋ ವಿಷಯ ಇದು, ದೂರು ಕೊಡೋಕೆ ಗೊತ್ತಿದ್ದವ್ರ ಕೆಲಸ ಮಾತ್ರ ಆಗುತ್ತೆ.

ಉತ್ತರವೂ ಬರ್ಲಿಲ್ಲ, ಕೆಲಸಾನೂ ಆಗ್ಲಿಲ್ಲ ಅಂದ್ರೆ? ತನಿಖೆಲಿ ಅನ್ಯಾಯ ಆಗಿದೆ ಅಂತ ಕಂಡುಬಂದ್ರೆ 12ನೇ ಕಲಂ ಪ್ರಕಾರ ಸಕ್ಷಮ ಪ್ರಾಧಿಕಾರಕ್ಕೆ ವರದಿ ಬರೀತಾರೆ, ಇಷ್ಟು ದಿನದೊಳಗೆ ಹೀಗೆ ಸರಿಪಡಿಸಿ ಅಂತ. ಆ ಗಡುವು ಮುಗಿದ ಒಂದು ತಿಂಗಳೊಳಗೆ ಏನು ಮಾಡಿದ್ವಿ ಅಂತ ಅವ್ರು ತಿಳಿಸ್ಬೇಕು. ಅದೂ ಸಮಾಧಾನ ಆಗ್ಲಿಲ್ಲ ಅಂದ್ರೆ ರಾಜ್ಯಪಾಲರಿಗೆ ವಿಶೇಷ ವರದಿ, ಅವ್ರು ಅದನ್ನ ಸರ್ಕಾರದ ವಿವರಣೆ ಸಮೇತ ವಿಧಾನಮಂಡಲದ ಮುಂದೆ ಇಡಿಸ್ತಾರೆ. ಅಲ್ಲಿಗೆ ಮುಗೀತು. ಮ್ಯುಟೇಶನ್ ರಿಜಿಸ್ಟರಲ್ಲಿ ಉಪಲೋಕಾಯುಕ್ತರು ತಾವೇ ಒಂದಕ್ಷರ ಬರೆಯೋ ಹಾಗಿಲ್ಲ.

ಯಾಕೆ ಹೀಗೆ ಇಟ್ರು ಅಂತ ನೀವು ಕೇಳ್ಬಹುದು. ನಿಮ್ಮ ತೋಟದ್ದೇ ತಗೊಳ್ಳಿ. ನಾಳೆ ನಿಮ್ಮ ದೊಡ್ಡಪ್ಪನ ಮಗ ಬಂದು ನನಗೂ ಪಾಲಿದೆ ಅಂತ ತಕರಾರು ಅರ್ಜಿ ಹಾಕಿದ ಅಂತಿಟ್ಕೊಳ್ಳಿ. ಆಗ ಅದು ವಿಳಂಬದ ಪ್ರಶ್ನೆ ಅಲ್ಲ, ಹಕ್ಕಿನ ಪ್ರಶ್ನೆ. ಅದನ್ನ ತೀರ್ಮಾನ ಮಾಡೋರು ಎರಡೂ ಕಡೆಯವ್ರ ಸಾಕ್ಷಿ ಕೇಳ್ಬೇಕು, ಅದರ ಮೇಲೆ ಅಪೀಲು ಇರ್ಬೇಕು, ವಕೀಲರು ಬೇಕು, ಅಂದ್ರೆ ಅದು ಇನ್ನೊಂದು ಕೋರ್ಟೇ ಆಯ್ತು. ಒಂದು ಫಾರಂ ತುಂಬಿ ವಕೀಲರಿಲ್ದೆ ದೂರು ಕೊಡೋಕೆ ಆಗೋದು, ಅವ್ರು ಕಡತ ತರಿಸಿ ನೇರವಾಗಿ ನೋಡೋಕೆ ಆಗೋದು, ಕೊನೆ ತೀರ್ಪು ಅವ್ರದ್ದಲ್ಲ ಅನ್ನೋ ಕಾರಣಕ್ಕೆ. 1809ರಲ್ಲಿ ಸ್ವೀಡನ್ನಲ್ಲಿ ಒಂಬುಡ್ಸ್‌ಮನ್ ಶುರುವಾದಾಗಿಂದ ಹೆಚ್ಚಿನ ದೇಶಗಳಲ್ಲಿ ಈ ಕಡೆಗೇ ಒಲವು: ತನಿಖೆಗೆ ಅಧಿಕಾರ ಜೋರು, ಪರಿಹಾರಕ್ಕೆ ಶಿಫಾರಸು ಮಾತ್ರ, ಅದನ್ನ ಜಾರಿ ಮಾಡಿಸೋ ಒತ್ತಡ ಶಾಸನಸಭೆಯಿಂದ ಬರ್ಬೇಕು.

ಈ ಅರ್ಧ ಭಾಗ ನಾನು ಒಪ್ತೀನಿ. ಒಪ್ಪದೇ ಇರೋದು ಆ ಕೊನೆ ಕೊಂಡಿನ. ವರದಿ ಸದನದ ಮೇಜಿನ ಮೇಲೆ ಇಟ್ರೆ ಸಾಲ್ದು, ಅದನ್ನ ಎತ್ತಿ ಚರ್ಚೆ ಮಾಡೋರು ಬೇಕು. ನಮ್ಮ ಜಿಲ್ಲೆಯವ್ರಿಗೆ ಬೇಲೇಕೇರಿ ನೆನಪಿರ್ಬೇಕು. ಜಪ್ತಿ ಮಾಡಿಟ್ಟ ಅದಿರು ಬಂದರಿಂದಲೇ ಮಾಯ ಆಗಿತ್ತು, ಆ ಪ್ರಕರಣ ಹಿಡಿದ ಅರಣ್ಯಾಧಿಕಾರಿನ ಅಮಾನತು ಮಾಡೋಕೆ ಹೊರಟಿದ್ದಕ್ಕೆ 2010ರ ಜೂನಲ್ಲಿ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವ್ರು ರಾಜೀನಾಮೆನೇ ಕೊಟ್ರು, ಆಮೇಲೆ ವಾಪಸ್ ತಗೊಂಡ್ರು. ಅಷ್ಟು ದೊಡ್ಡ ಹುದ್ದೇಲಿದ್ದವ್ರಿಗೂ ಆ ಅಮಾನತು ಬೇಡ ಅಂತ ಸರ್ಕಾರಕ್ಕೆ ಆರ್ಡರ್ ಮಾಡೋ ಅಧಿಕಾರ ಇರ್ಲಿಲ್ಲ, ನೋಡಿ. ಮುಂದಿನ ವರ್ಷ ಗಣಿ ವರದಿ ಬಂದ ಮೇಲೆ ಮುಖ್ಯಮಂತ್ರಿ ಕೆಳಗಿಳಿದ್ರು, ಆದ್ರೆ ಅವ್ರನ್ನ ಇಳಿಸಿದ್ದು ಲೋಕಾಯುಕ್ತರ ಆದೇಶ ಅಲ್ಲ, ವರದಿ ಓದಿ ಜನ, ಪೇಪರು, ಅವ್ರದ್ದೇ ಪಕ್ಷ ಹಾಕಿದ ಒತ್ತಡ. ಒಂದು ಪೌತಿ ಖಾತೆಗೆ ಅಂಥ ಒತ್ತಡ ಯಾರು ಹಾಕ್ತಾರೆ?

ಇಂಗ್ಲೆಂಡಲ್ಲಿ ಪೆನ್ಷನ್ ಕೇಸೊಂದರಲ್ಲಿ 2008ರಲ್ಲಿ ಅಪೀಲು ಕೋರ್ಟು ಒಂದು ಒಳ್ಳೇ ಮಾತು ಹೇಳ್ತು: ಒಂಬುಡ್ಸ್‌ಮನ್ ತನಿಖೆಲಿ ದುರಾಡಳಿತ ಆಗಿದೆ ಅಂತ ಕಂಡುಕೊಂಡಿದ್ದನ್ನ ಮಂತ್ರಿ ತಳ್ಳಿಹಾಕ್ಬೇಕಾದ್ರೆ ಗಟ್ಟಿ ಕಾರಣ ಬೇಕು, ನನ್ನ ಅಭಿಪ್ರಾಯ ಬೇರೆ ಅಂದ್ರೆ ಸಾಲ್ದು ಅಂತ. ಆರ್ಡರ್ ಮಾಡೋ ಪವರ್ ಕೊಡದೇ ಶಿಫಾರಸಿಗೆ ತೂಕ ತರೋ ದಾರಿ ಇದು. ನಮ್ಮಲ್ಲೂ ಇಲಾಖೆಗಳು ಹೀಗೆ ಕಾರಣ ಬರೆದು, ಅದನ್ನ ದೂರುದಾರರಿಗೂ ಕೊಡೋ ಹಾಗೆ ಆಗ್ಬೇಕು ಅಂತ ನನ್ನ ಆಸೆ.

ನಿಮ್ಮ ವಿಷಯಕ್ಕೆ ಬಂದ್ರೆ, ಬೆಳೆ ಸಾಲ ತಪ್ಪಿದ್ದನ್ನ ದೂರಲ್ಲಿ ಖಂಡಿತ ಬರೀರಿ, ಸೊಸೈಟಿಯವ್ರಿಂದ ಒಂದು ಹಿಂಬರಹ ತಗೊಂಡು ಲಗತ್ತು ಮಾಡಿ, ಯಾಕಂದ್ರೆ ಬರೀ ತಡ ಆಯ್ತು ಅಂದ್ರೆ ಸಾಲ್ದು, ಅದರಿಂದ ಕಷ್ಟ ಆಯ್ತು ಅಂತ ತೋರಿಸ್ಬೇಕು. ಕೊನೆಗೆ "ಸೂಕ್ತ ಕ್ರಮ ಕೈಗೊಳ್ಳಿ" ಅಂತ ಬರೀಬೇಡಿ, ಇಂಥ ನಂಬರಿನ ಅರ್ಜಿನ ಇಷ್ಟು ದಿನದೊಳಗೆ ಇತ್ಯರ್ಥ ಮಾಡೋಕೆ ಶಿಫಾರಸು ಮಾಡಿ ಅಂತ ಕೇಳಿ. ತಹಶೀಲ್ದಾರ್ರ ಉತ್ತರದ ಪ್ರತಿ ನಿಮಗೆ ಬಂದಾಗ ಸುಮ್ನೆ ಇಡದೇ ಅದಕ್ಕೆ ದಿನಾಂಕ ಹಾಕಿ ಪ್ರತ್ಯುತ್ತರ ಕೊಡಿ, ಕೊಡ್ಲಿಲ್ಲ ಅಂದ್ರೆ ಅವ್ರು ಹೇಳಿದ್ದೇ ಸರಿ ಅಂತ ಮುಚ್ಚಿಬಿಡೋ ಅಪಾಯ ಇದೆ. ಆ ಉತ್ತರದಲ್ಲಿ "ತಕರಾರು ಪ್ರಕರಣ" ಅಂತ ಇದ್ರೆ ಉಪಲೋಕಾಯುಕ್ತರ ಕಡೆ ಇನ್ನು ಕಾಯೋದು ಬೇಡ, ತಕರಾರಿನ ಪ್ರತಿ ತಗೊಂಡು ತಹಶೀಲ್ದಾರ್ರ ಮುಂದೆ ವಿಚಾರಣೆಗೆ ಹಾಜರಾಗಿ. ಮತ್ತೆ ನಿಜವಾದ ಆರ್ಡರೇ ಬೇಕು ಅಂದ್ರೆ ಅದು ಸಿಗೋದು ಹೈಕೋರ್ಟಿನ ಧಾರವಾಡ ಪೀಠದಲ್ಲಿ, ಅರ್ಜಿನ ಗಡುವಿನೊಳಗೆ ತೀರ್ಮಾನ ಮಾಡಿ ಅಂತ ತಹಶೀಲ್ದಾರ್ರಿಗೆ ನಿರ್ದೇಶನ ಕೇಳಿ ರಿಟ್ ಹಾಕ್ಬಹುದು, ಅದಕ್ಕೆ ವಕೀಲರ ಖರ್ಚಿದೆ, ಆದ್ರೆ ಈಗ ಕೊಡೋ ಜ್ಞಾಪನ, ಮಾಹಿತಿ ಹಕ್ಕಿನ ಉತ್ತರ ಎಲ್ಲ ಅಲ್ಲೂ ಕೆಲಸಕ್ಕೆ ಬರುತ್ತೆ.