ಹೈಡ್ರಾಕ್ಸಿಜಿನ್ ಬರೆದಲ್ಲಿ ಹೈಡ್ರಲಜಿನ್ ಬಂದರೆ

ಪ್ರಶ್ನೆ: ಕಾಸರಗೋಡಿನಲ್ಲಿ ನರ್ಸಿಂಗ್ ಮಕ್ಕಳಿಗೆ ಪಾಠ ಮಾಡುತ್ತೇನೆ. ಔಷಧ ಕೊಡುವ ‘ಐದು ಸರಿ’ಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಒಂದೇ ತರದ ಹೆಸರು ಬಂದಾಗ ಎಡವುತ್ತಾರೆ. ಹೇಗೆ ಕಲಿಸಲಿ?

ಉತ್ತರ: ಟ್ರೇಯಲ್ಲಿ ಬೇಕೆಂದೇ ತಪ್ಪು ಮಾತ್ರೆ ಇಟ್ಟು ನೋಡಿ. ನಾನು ಹಾಗೇ ಮಾಡುವುದು.

ರೋಗಿ ಬದಿಯಡ್ಕ ಕಡೆಯ ಅಡಿಕೆ ಕೃಷಿಕ, ಮೈಯೆಲ್ಲ ತುರಿಕೆ ಎಂದಿಟ್ಟುಕೊಳ್ಳಿ. ಚಾರ್ಟಿನಲ್ಲಿ ಹೈಡ್ರಾಕ್ಸಿಜಿನ್ 25 ಮಿ.ಗ್ರಾಂ, ಬಾಯಿ ಮೂಲಕ, ರಾತ್ರಿ. ಟ್ರೇಯಲ್ಲಿ ಹೈಡ್ರಲಜಿನ್ 25 ಮಿ.ಗ್ರಾಂ. ರೋಗಿ, ಡೋಸ್, ದಾರಿ, ಹೊತ್ತು ನಾಲ್ಕೂ ಸರಿಯೇ. ಮಕ್ಕಳು ಐದನೆಯದಾದ ‘ಸರಿಯಾದ ಔಷಧ’ಕ್ಕೂ ಸುಮ್ನೆ ಟಿಕ್ ಹಾಕಿಬಿಡುತ್ತಾರೆ! ಆದರೆ ಹೈಡ್ರಲಜಿನ್ ರಕ್ತನಾಳ ಸಡಿಲಿಸಿ ಬಿಪಿ ಇಳಿಸುವ ಔಷಧ. ತುರಿಕೆ ಹೋಗುವುದಿಲ್ಲ. ಎದೆ ಬಡಿತ ಜಾಸ್ತಿಯಾಗಬಹುದು, ರಾತ್ರಿ ಎದ್ದವರು ತಲೆಸುತ್ತಿ ಬೀಳಬಹುದು.

ಹಾಗಾಗಿ ಆರನೆಯ ‘ಸರಿ’ಯನ್ನೂ ಕೇಳಿ: ಯಾಕೆ ಈ ಔಷಧ? ಸ್ಟ್ರಿಪ್ಪಿನ ಮೂಲ ಹೆಸರು ಓದಿ, "ಇದು ಬಿಪಿಯದ್ದು, ಇವರಿಗೆ ಬಿಪಿ ಇಲ್ವಲ್ಲ" ಅಂತ ಅವರೇ ಹೇಳಬೇಕು.

ಈಗ ಕಥೆ ತಿರುಗಿಸಿ. ಅದೇ ರೋಗಿಗೆ ಬಿಪಿಯೂ ಇದೆ. ‘ಯಾಕೆ’ ಕೇಳಿದರೂ ತಪ್ಪು ಸಿಗುವುದಿಲ್ಲ, ಅಲ್ವಾ? ಆಗ ಹೆಸರಿನ ನಡುಭಾಗವೇ ಗತಿ. ಕೆಲವು ಕಂಪ್ಯೂಟರ್ ಪರದೆಗಳಲ್ಲಿ hydrALAZINE, hydrOXYzine ಎಂದು ಬೇರೆಯಾಗುವ ಅಕ್ಷರಗಳನ್ನು ದೊಡ್ಡದಾಗಿ ತೋರಿಸುವುದು ಇದಕ್ಕೇ. ಕಪಾಟಿನಿಂದ ತೆಗೆಯುವಾಗ, ಟ್ರೇಯಲ್ಲಿ ಇಡುವಾಗ, ಹಾಸಿಗೆಯ ಬಳಿ ಮಾತ್ರೆ ಬಿಡಿಸುವ ಮೊದಲು, ಹೀಗೆ ಮೂರು ಸಲ ಚಾರ್ಟಿನ ಪಕ್ಕ ಸ್ಟ್ರಿಪ್ ಹಿಡಿದು ಆ ಅಕ್ಷರಗಳನ್ನು ಬಿಡಿಬಿಡಿಯಾಗಿ ಓದಿಸಿ. ಮಾತ್ರೆಯನ್ನು ಮೊದಲೇ ಕಪ್ಪಿಗೆ ಬಿಡಿಸಿಟ್ಟರೆ ಮೂರನೆಯ ಸಲ ಓದಲು ಹೆಸರೇ ಇರುವುದಿಲ್ಲ.