ನಪಾಸು ಮಾಡಿದ ಹುಡುಗನಿಂದ ಬಂದ ಪತ್ರ

(ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಅವರು ನಿವೃತ್ತ ಗಣಿತ ಶಿಕ್ಷಕಿ, ವಯಸ್ಸು 67. ಹಿಂದೆ ಅವರು ನಪಾಸು ಮಾಡಿದ್ದ ಹುಡುಗನೊಬ್ಬ ಪತ್ರ ಬರೆದಿದ್ದ. ಅವತ್ತಿನಿಂದ ನಿದ್ದೆ ಸರಿಯಿಲ್ಲ. "ನಾನು ಒಂದು ಮಾರ್ಕೂ ತಪ್ಪು ಹಾಕಿಲ್ಲ ಮೇಡಂ," ಅಂತಲೇ ಮಾತು ಶುರು ಮಾಡಿದರು. ಮರುಕ್ಷಣವೇ, "ಒಬ್ಬ ಹುಡುಗನ ಬದುಕು ಹಾಳು ಮಾಡಿಬಿಟ್ಟೆ" ಅಂದರು.

ಪತ್ರವನ್ನು ಜೋರಾಗಿ ಓದಿ ಅಂದೆ. ಅದರಲ್ಲಿ ಮಾರ್ಕಿನ ಬಗ್ಗೆ ತಕರಾರೇ ಇರಲಿಲ್ಲ. ಬದುಕು ಹಾಳಾಯಿತು ಅಂತಲೂ ಅವನು ಬರೆದಿರಲಿಲ್ಲ. ಇದ್ದದ್ದು ಒಂದೇ ಪ್ರಶ್ನೆ: "ಅಪ್ಪ ಹಾಸಿಗೆ ಹಿಡಿದಿದ್ದರು, ನಾನು ಕೆಲಸಕ್ಕೆ ಹೋಗುತ್ತಿದ್ದೆ. ಯಾಕೆ ಕ್ಲಾಸಿಗೆ ಬರ್ತಿಲ್ಲ ಅಂತ ನೀವು ಯಾಕೆ ಕೇಳಲಿಲ್ಲ ಟೀಚರ್?"

ಅವರು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿ ಸಾಲುಗಟ್ಟಿದ್ದು ಅವರಿಗೆ ನೆನಪಿತ್ತು.

ಇಂಥವರಿಗೆ "ನಿಮ್ಮ ತಪ್ಪೇನಿಲ್ಲ ಬಿಡಿ" ಅನ್ನಬಾರದು. ಅವರು ನಂಬುವುದಿಲ್ಲ. ಅದು ಪೂರ್ತಿ ನಿಜವೂ ಅಲ್ಲ. ಹಾಗಾಗಿ ಒಂದು ವೃತ್ತ ಬರೆಸಿದೆ. ಆ ವರ್ಷ ಹಾಗಾಗಲು ಕಾರಣವಾದದ್ದೆಲ್ಲಕ್ಕೂ ಅದರಲ್ಲಿ ಪಾಲು ಹಾಕಬೇಕು, ತಮ್ಮ ಪಾಲು ಕೊನೆಗೆ. ಮೊದಲೇ ಹಾಕಿದರೆ ಅಪರಾಧಿ ಭಾವ ಇಡೀ ವೃತ್ತವನ್ನೇ ನುಂಗುತ್ತದೆ. ಅಪ್ಪನ ಕಾಯಿಲೆ, ಮನೆಯ ಕಷ್ಟ, ತುಂಬಿ ತುಳುಕುವ ತರಗತಿ, ವಿಷಯ ಗೊತ್ತಿದ್ದೂ ಹೇಳದ ದೊಡ್ಡವರು. ಇಷ್ಟು ಹಾಕಿದ ಮೇಲೂ ಅವರಿಗೆ ಒಂದು ತುಂಡು ಉಳಿಯಿತು. "ಇಷ್ಟು ನನ್ನದೇ," ಅಂದರು. ಅದನ್ನು ಅಳಿಸಲು ನಾನೂ ಹೇಳಲಿಲ್ಲ.

ಉತ್ತರದ ಮೊದಲ ಕರಡು ನಾಲ್ಕು ಪುಟವಿತ್ತು. ಬಹುಪಾಲು ಸಮರ್ಥನೆ. ಅದನ್ನು ಕಳಿಸಬೇಡಿ, ಒಂದು ವಾರ ಎತ್ತಿಡಿ ಅಂದೆ. ಆಮೇಲೆ ಇಬ್ಬರೂ ಕೂತು ಓದಿದೆವು. "ನಿನ್ನ ಒಳ್ಳೆಯದಕ್ಕೇ ಮಾಡಿದ್ದು" ಅನ್ನುವುದನ್ನು ಅವರೇ ಹೊಡೆದು ಹಾಕಿದರು. "ಕ್ಷಮಿಸಿದ್ದೇನೆ ಅಂತ ಒಂದು ಸಾಲು ಬರಿ" ಅನ್ನುವುದನ್ನು ತೆಗೆಯಲು ಮಾತ್ರ ಒಪ್ಪಲಿಲ್ಲ. ನನಗೆ ಅದನ್ನು ತೆಗೆಯುವುದೇ ಮುಖ್ಯ ಅನಿಸಿತ್ತು. ನಮ್ಮ ನೆಮ್ಮದಿಗೆ ಅವನಿಂದ ಕ್ಷಮೆ ಕೇಳಿ ಪಡೆದರೆ, ಅವನ ಮೇಲೆ ಇನ್ನೊಂದು ಭಾರ ಹೊರಿಸಿದಂತೆ ಅಲ್ವಾ? ಕೊನೆಗೆ ಅದನ್ನೂ ಬಿಟ್ಟರು.

ಕಳಿಸಿದ್ದು ಇಷ್ಟೇ: "ನೀನು ಬರದಿದ್ದದ್ದು ನನಗೆ ಕಾಣಿಸಿತ್ತು. ಆದರೂ ಕೇಳಲಿಲ್ಲ. ಕೇಳಬೇಕಿತ್ತು. ಆ ವರ್ಷದ ಬಗ್ಗೆ ಹೇಳಬೇಕು ಅನಿಸಿದರೆ ಕೇಳಿಸಿಕೊಳ್ಳುತ್ತೇನೆ. ಅನಿಸದಿದ್ದರೆ ಉತ್ತರ ಬರೆಯಲೇಬೇಕು ಅಂತಿಲ್ಲ."

ಉತ್ತರ ಬರದಿದ್ದರೆ ಮತ್ತೆ ಬರೆಯುವುದು ಬೇಡ, ಯಾರ ಮೂಲಕವೂ ವಿಚಾರಿಸುವುದು ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ನಿದ್ದೆಗೆಡುವುದು, ಮಂಕು ಎರಡು ವಾರ ದಾಟಿದರೆ ಮನೋವೈದ್ಯರನ್ನು ಕಾಣಬೇಕು ಅಂತಲೂ ಹೇಳಿದ್ದೆ. ಅದರ ಅಗತ್ಯ ಬೀಳಲಿಲ್ಲ. ಹುಡುಗನಿಂದ ಇನ್ನೂ ಉತ್ತರ ಬಂದಿಲ್ಲ.